‘ಇದ್ದೇನೆ’ಯಿಂದ ಕಲಿಸುವುದೋ, ಗೆರೆ ಎಳೆದು ಕಲಿಸುವುದೋ?

ಡೊಂಬಿವಲಿಯ ನಮ್ಮ ಸಂಜೆ ತರಗತಿಯಲ್ಲಿ ಇಂಗ್ಲಿಷಿನ ಪ್ರೆಸೆಂಟ್ ಪರ್ಫೆಕ್ಟ್ ಕಾಲರೂಪ ಕಲಿಸಲು ಎರಡೂ ದಾರಿ ಹಿಡಿದು ನೋಡಿದ್ದೇನೆ.

ಮೊದಲನೆಯದು ಅನುವಾದ. ‘ಎಲಿಫೆಂಟಾ ನೋಡಿದ್ದೇನೆ’ ಎಂದರೆ ‘ಐ ಹ್ಯಾವ್ ಸೀನ್ ಎಲಿಫೆಂಟಾ’. ಒಂದೇ ಸಂಜೆಗೆ ನಾಲಿಗೆಗೆ ಬರುತ್ತದೆ. ಆದರೆ ಕನ್ನಡದಲ್ಲಿ ‘ನಿನ್ನೆ ನೋಡಿದ್ದೇನೆ’ ಎಂದರೂ ತಪ್ಪಲ್ಲ. ಹಾಗಾಗಿ ‘ಐ ಹ್ಯಾವ್ ಸೀನ್ ಇಟ್ ಯೆಸ್ಟರ್‌ಡೇ’ ಎಂಬ ತಪ್ಪು ಹುಟ್ಟುತ್ತದೆ. ‘ಐದು ವರ್ಷದಿಂದ ಇಲ್ಲಿದ್ದೇನೆ’ ಇನ್ನೂ ತಂಟೆಯದು. ಅಲ್ಲಿ ಕನ್ನಡಕ್ಕೆ ವರ್ತಮಾನವೇ ಸಾಕು, ಇಂಗ್ಲಿಷಿಗೆ ಸಾಲದು. ಮೇಲಾಗಿ ‘ಇಂದ’ ಎಂಬ ಒಂದೇ ಪ್ರತ್ಯಯ ‘ಫಾರ್’, ‘ಸಿನ್ಸ್’ ಎರಡನ್ನೂ ನುಂಗಿಬಿಡುತ್ತದೆ. ಫಲ: ‘ಐ ಆಮ್ ಹಿಯರ್ ಸಿನ್ಸ್ ಫೈವ್ ಇಯರ್ಸ್’.

ಎರಡನೆಯದು ಹಲಗೆಯ ಮೇಲಿನ ಗೆರೆ. ಒಂದು ತುದಿ 2019, ಇನ್ನೊಂದು ‘ಈಗ’. ಬಂದ ದಿನ ಬರೀ ಚುಕ್ಕೆ: ‘ಐ ಕೇಮ್ ಇನ್ 2019’. ಚುಕ್ಕೆಯಿಂದ ಈಗಿನವರೆಗೆ ಬಾಣ: ‘ಐ ಹ್ಯಾವ್ ಬೀನ್ ಹಿಯರ್ ಸಿನ್ಸ್ 2019’. ಬಾಣದ ಬುಡಕ್ಕೆ ‘ಸಿನ್ಸ್’, ಉದ್ದಕ್ಕೆ ‘ಫಾರ್’. ನಿಧಾನದ ಕೆಲಸ, ಮೂರು ಸಂಜೆ ಬೇಡುತ್ತದೆ.

ನಾಳೆಯೇ ಸಂದರ್ಶನವಿದ್ದವರಿಗೆ ಮೊದಲನೆಯದು, ‘ನಿನ್ನೆ’ ಸೇರಿಸಬಾರದೆಂಬ ಎಚ್ಚರಿಕೆಯೊಂದಿಗೆ. ಉಳಿದವರಿಗೆ ನಾನು ಸೀಮೆಸುಣ್ಣವನ್ನೇ ಎತ್ತಿಕೊಳ್ಳುತ್ತೇನೆ.