ಲಾಸ್‌ಲೆಸ್‌ಕಟ್: ಹಾಕಿ ಲೈವ್‌ನಿಂದ ಗೋಲು ಕತ್ತರಿಸೋಕೆ ಎಷ್ಟು ಚೆನ್ನ, ಎಲ್ಲಿ ಕಿರಿಕಿರಿ

ನಾಪೋಕ್ಲು, ಪೊನ್ನಂಪೇಟೆ ಕಡೆ ಹಾಕಿ ಪಂದ್ಯಗಳನ್ನು ಲೈವ್ ಮಾಡುತ್ತೇನೆ. ಆಡುವುದು ಹೆಚ್ಚಾಗಿ ಮನೆತನದ ತಂಡಗಳು. ಪಂದ್ಯ ಮುಗಿದ ಕೂಡಲೇ ಫೋನ್ ಶುರು: "ಅಣ್ಣ, ಪೂರ್ತಿ ವಿಡಿಯೋ ಬೇಡ, ನಮ್ಮ ಹುಡುಗನ ಗೋಲು ಮಾತ್ರ ಕಳಿಸಿ." ಈ ಕೆಲಸಕ್ಕೆ ಕೆಲವು ಸೀಸನ್‌ಗಳಿಂದ ಲಾಸ್‌ಲೆಸ್‌ಕಟ್ ಅನ್ನುವ ವಿಡಿಯೋ ಕತ್ತರಿಸುವ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಗಿಟ್‌ಹಬ್‌ನಿಂದ ಇಳಿಸಿಕೊಂಡರೆ ದುಡ್ಡು ಕೊಡಬೇಕಿಲ್ಲ. ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡಿರುವ ನನಗೆ ಅದೇ ದೊಡ್ಡ ವಿಷಯ.

ಇದು ವಿಡಿಯೋವನ್ನು ಮತ್ತೆ ಎನ್‌ಕೋಡ್ ಮಾಡುವುದಿಲ್ಲ. ಬೇಕಾದ ಭಾಗವನ್ನು ಇದ್ದ ಹಾಗೇ ನಕಲು ಮಾಡಿ ಕೊಡುತ್ತದೆ. ಹಾಗಾಗಿ ಚಿತ್ರದ ಗುಣಮಟ್ಟ ಕೆಡುವುದಿಲ್ಲ, ಕ್ಲಿಪ್ ಕೆಲವೇ ಸೆಕೆಂಡಿನಲ್ಲಿ ರೆಡಿ.

ನನ್ನ ಪದ್ಧತಿ ಹೀಗೆ. ಪಂದ್ಯ ನಡೆಯುವಾಗ, ಲೈವ್‌ಗೂ ರೆಕಾರ್ಡಿಂಗ್‌ಗೂ ಬಳಸುವ ಒಬಿಎಸ್‌ನಲ್ಲಿ ಓಡುವ ರೆಕಾರ್ಡಿಂಗ್ ಸಮಯವನ್ನು ಸ್ಕೋರ್ ಹಾಳೆಯ ಅಂಚಿನಲ್ಲಿ ಬರೆದುಕೊಳ್ಳುತ್ತೇನೆ. ಮನೆಗೆ ಬಂದ ಮೇಲೆ ಆ ಸಮಯ ಟೈಪ್ ಮಾಡಿದರೆ ನೇರ ಗೋಲಿನ ಹತ್ತಿರ ಹೋಗಿ ನಿಲ್ಲುತ್ತದೆ. I ಒತ್ತಿದರೆ ಶುರು, O ಒತ್ತಿದರೆ ಕೊನೆ. ಆ ತುಂಡಿಗೆ ಮನೆತನದ ಹೆಸರು ಕೊಡುತ್ತೇನೆ. ಹೆಸರು ಫೈಲ್‌ಗೂ ಬರುತ್ತದೆ, ಯಾರ ಗೋಲು ಯಾರಿಗೆ ಅಂತ ಹುಡುಕಬೇಕಿಲ್ಲ. ಗುರುತುಗಳು ವಿಡಿಯೋ ಪಕ್ಕದಲ್ಲೇ ಒಂದು ಸಣ್ಣ ಪ್ರಾಜೆಕ್ಟ್ ಫೈಲ್‌ನಲ್ಲಿ ಉಳಿದಿರುತ್ತವೆ. ವಾರ ಬಿಟ್ಟು ಯಾರಾದರೂ ಕೇಳಿದರೂ ತೊಂದರೆ ಇಲ್ಲ.

ಕತ್ತರಿಸುವುದು ಯೂಟ್ಯೂಬ್ ರಿಪ್ಲೇಯಿಂದ ಅಲ್ಲ. ಸ್ಟುಡಿಯೋದಿಂದ ಇಳಿಸಿಕೊಂಡರೆ 720p ಮೀರಿ ಸಿಗುವುದಿಲ್ಲ, ಅದಕ್ಕೇ ಲೈವ್ ಜೊತೆಗೇ ಲ್ಯಾಪ್‌ಟಾಪ್‌ನಲ್ಲೂ ರೆಕಾರ್ಡ್ ಮಾಡುತ್ತೇನೆ. ಅದೂ MKVಯಲ್ಲಿ. ನಮ್ಮ ಕಡೆ ಮಳೆ ಹನಿದರೆ ಕರೆಂಟ್ ಹೋಗುತ್ತೆ ಅಲ್ವಾ, ಸಾಧಾರಣ MP4 ಆಗಿದ್ದರೆ ಅಷ್ಟೂ ಫೈಲ್ ತೆರೆಯದೇ ಹೋಗಬಹುದು. MKVಯಲ್ಲಿ ಅಲ್ಲಿವರೆಗಿನದು ಉಳಿಯುತ್ತದೆ.

ಇನ್ನು ಕಿರಿಕಿರಿಯ ವಿಷಯ. ಒಂದು ಪೆನಾಲ್ಟಿ ಕಾರ್ನರ್ ತೆಗೆದುಕೊಳ್ಳಿ. 1:12:40ಕ್ಕೆ ಬ್ಯಾಕ್‌ಲೈನ್‌ನಿಂದ ಚೆಂಡು ತಳ್ಳಿದರು, 42ಕ್ಕೆ ಗೋಲು. ಕ್ಲಿಪ್ 38ಕ್ಕೆ ಶುರುವಾಗಬೇಕು. Keyframe cut ಇಟ್ಟು ತೆಗೆದರೆ ಕ್ಲಿಪ್ 33ಕ್ಕೇ ಶುರು, ಡಿಫೆಂಡರ್‌ಗಳು ಮಾಸ್ಕ್ ಕಟ್ಟಿಕೊಳ್ಳುವುದೇ ಐದು ಸೆಕೆಂಡು. ಅಷ್ಟರಲ್ಲಿ ನೋಡುವವರು ಮುಂದಿನ ವಿಡಿಯೋಗೆ ಹೋಗಿರುತ್ತಾರೆ. Normal cut ಇಟ್ಟರೆ ಕಮೆಂಟರಿ 38ರಿಂದ ಸರಿಯಾಗಿ ಕೇಳುತ್ತದೆ, ಚಿತ್ರ ಮಾತ್ರ 41ರವರೆಗೆ ಅಲ್ಲಾಡುವುದಿಲ್ಲ. ಚೆಂಡು ತಳ್ಳಿದ್ದು ಕಾಣುವುದೇ ಇಲ್ಲ. ಆಟಗಾರರ ಮನೆಯವರಿಗೆ ಇಂಥದ್ದನ್ನು ಕಳಿಸೋಕೆ ಮನಸ್ಸೇ ಬರಲ್ಲ.

ಇದು ಸಾಫ್ಟ್‌ವೇರ್‌ನ ತಪ್ಪಲ್ಲ. ವಿಡಿಯೋದಲ್ಲಿ ಪೂರ್ತಿ ಚಿತ್ರ ಆಗೊಮ್ಮೆ ಈಗೊಮ್ಮೆ ಮಾತ್ರ ಇರುತ್ತದೆ. ಅದೇ ಕೀಫ್ರೇಮ್. ನಡುವಿನ ಫ್ರೇಮ್‌ಗಳಲ್ಲಿ ಇರುವುದು ಏನು ಬದಲಾಯಿತು ಅನ್ನೋದಷ್ಟೇ. ಎನ್‌ಕೋಡ್ ಮಾಡದೆ ಕತ್ತರಿಸಬೇಕಾದರೆ ಕೀಫ್ರೇಮ್‌ನಿಂದಲೇ ಶುರು ಮಾಡಬೇಕು.

ಹಾಗಾದರೆ 33ರ ಕೀಫ್ರೇಮ್ ಬಿಟ್ಟರೆ ಮುಂದಿನದು 41ಕ್ಕೆ, ಎಂಟು ಸೆಕೆಂಡು ಅಂತರ ಯಾಕೆ? ಒಬಿಎಸ್‌ನಲ್ಲಿ ರೆಕಾರ್ಡಿಂಗ್‌ಗೆ ಬೇರೆ ಗುಣಮಟ್ಟ ಆರಿಸಿಕೊಂಡರೆ x264 ತನ್ನ ಪಾಡಿಗೆ 250 ಫ್ರೇಮ್‌ವರೆಗೂ ಕೀಫ್ರೇಮ್ ಹಾಕದೆ ಇರಬಹುದು. ಸೆಕೆಂಡಿಗೆ 30 ಫ್ರೇಮ್ ಅಂದರೆ ಎಂಟು ಸೆಕೆಂಡಿಗೂ ಜಾಸ್ತಿ. ದೃಶ್ಯ ಪೂರ್ತಿ ಬದಲಾದಾಗ ನಡುವೆಯೂ ಒಂದು ಹಾಕುತ್ತದೆ, ಆದರೆ ಟ್ರೈಪಾಡ್ ಮೇಲೆ ಒಂದೇ ಕ್ಯಾಮೆರಾ ಇದ್ದರೆ ಆ ಅವಕಾಶ ಕಮ್ಮಿ. ಯೂಟ್ಯೂಬ್‌ಗೆ ಹೋಗುವ ಲೈವ್‌ಗೆ 2 ಸೆಕೆಂಡ್ ಅಂತರ ಶಿಫಾರಸು ಇದೆ. ಅದನ್ನು ಇಟ್ಟು, ರೆಕಾರ್ಡಿಂಗ್ ಗುಣಮಟ್ಟವನ್ನು Same as stream ಮಾಡಿದರೆ ಫೈಲ್‌ನಲ್ಲೂ ಅದೇ ಅಂತರ ಬರುತ್ತದೆ. ಆಮೇಲೆ ಕ್ಲಿಪ್ ಜಾಸ್ತಿ ಅಂದರೆ ಎರಡು ಸೆಕೆಂಡು ಮುಂಚೆ ಶುರುವಾಗುತ್ತದೆ, ಅಷ್ಟೇ. ನಿಮ್ಮ ಫೈಲ್ ಹೇಗಿದೆ ನೋಡಬೇಕಾ? ಲಾಸ್‌ಲೆಸ್‌ಕಟ್‌ನಲ್ಲಿ ತೆರೆದು Alt ಹಿಡಿದು ಬಲ ಬಾಣದ ಗುರುತು ಒತ್ತಿ. ಒಂದೊಂದು ಸಲ ಎಷ್ಟು ಸೆಕೆಂಡು ಹಾರುತ್ತದೋ ಅದೇ ಅಂತರ. ಈಗ ಪ್ರತಿ ಪಂದ್ಯಕ್ಕೆ ಮುಂಚೆ ಒಂದು ನಿಮಿಷ ರೆಕಾರ್ಡ್ ಮಾಡಿ ಇದನ್ನು ನೋಡಿಯೇ ಮುಂದುವರಿಯುತ್ತೇನೆ.

ಈ ಸೆಟ್ಟಿಂಗ್ ಸಿಕ್ಕ ಮೇಲೆ ಸಿಟ್ಟು ಇಳಿದಿದೆ. ಆದರೂ ಒಂದು ಮಿತಿ ಉಳಿದೇ ಇದೆ: ಶಾರ್ಟ್ಸ್‌ಗೆ ಬೇಕಾದ ಉದ್ದನೆಯ ಚೌಕಟ್ಟು ಇದರಲ್ಲಿ ಆಗಲ್ಲ. ಅದಕ್ಕೆ ಎನ್‌ಕೋಡ್ ಮಾಡಲೇಬೇಕು. ಗೋಲಿನ ತುಂಡನ್ನು ಮೊದಲು ಇಲ್ಲಿ ಕತ್ತರಿಸಿ, ಅಷ್ಟಕ್ಕೆ ಮಾತ್ರ ಎಫ್ಎಫ್ಎಂಪೆಗ್ ಓಡಿಸುತ್ತೇನೆ:

```
ffmpeg -ss 5 -i goal.mkv -vf "crop=608:1080:656:0" short.mp4
```

ಹಳೆಯ ರೆಕಾರ್ಡಿಂಗ್‌ನ ಆ ಐದು ಸೆಕೆಂಡು ಮಾಸ್ಕ್ ಕಟ್ಟುವ ಭಾಗವೂ ಇಲ್ಲೇ ಹೋಗುತ್ತದೆ, -ss 5 ಅಂದರೆ ಅದೇ. 656 ಅನ್ನುವುದು ಚೌಕಟ್ಟಿನ ಎಡ ಅಂಚು ಶುರುವಾಗುವ ಜಾಗ, ಅಲ್ಲಿಟ್ಟರೆ 1920 ಅಗಲದ ಚಿತ್ರದ ನಡುಭಾಗ ಸಿಗುತ್ತದೆ. ನನ್ನ ಕ್ಯಾಮೆರಾ ಮೈದಾನದ ಮಧ್ಯರೇಖೆಯ ಹತ್ತಿರ ಇರುವುದರಿಂದ ಎಡಗಡೆಯ ಗೋಲಿಗೆ ಅದನ್ನು 100ರ ಆಸುಪಾಸಿಗೆ ಇಳಿಸುತ್ತೇನೆ, ಬಲಗಡೆಗೆ 1200ಕ್ಕೆ ಏರಿಸುತ್ತೇನೆ. 1312 ದಾಟಿಸಿದರೂ ಚೌಕಟ್ಟು ಚಿತ್ರದ ಬಲ ಅಂಚಿನಲ್ಲೇ ನಿಲ್ಲುತ್ತದೆ.