ಒಂದು ವರ್ಷ ಬಳಸಿದ ಡ್ಯೂಟಿ ರೋಸ್ಟರ್ ಆ್ಯಪ್: ತಿಂಗಳ ಕೊನೆಯ ನೈಟ್ ಯಾರ ಲೆಕ್ಕಕ್ಕೆ?

ಐದಕ್ಕೆ ಮೂರು ಸ್ಟಾರ್ ಕೊಡುತ್ತಿದ್ದೇನೆ. ಮೊದಲ ಆರು ತಿಂಗಳಲ್ಲಿ ಬರೆದಿದ್ದರೆ ಒಂದೇ ಕೊಡುತ್ತಿದ್ದೆ. ಆ್ಯಪ್‌ನ ಹೆಸರು ಬರೆಯಲ್ಲ. ಈ ಥರದ ಆ್ಯಪ್‌ಗಳು ಬೇಕಾದಷ್ಟಿವೆ, ನಾನು ಹೇಳೋ ತೊಂದರೆ ಇನ್ನೂ ಕೆಲವದರಲ್ಲಿ ಕಂಡಿದ್ದೇನೆ. ಏನೇನು ಫೀಚರ್ ಇದೆ ಅಂತ ಅವರ ಪುಟದಲ್ಲೇ ಇರುತ್ತೆ, ಓದಿಕೊಳ್ಳಿ.

ನಾನು ಮೈಸೂರಿನ ಒಂದು ಟೀಚಿಂಗ್ ಆಸ್ಪತ್ರೆಯ ಮೆಡಿಸಿನ್ ವಿಭಾಗದಲ್ಲಿ ಸೀನಿಯರ್ ರೆಸಿಡೆಂಟ್. ಪಿಜಿಗಳ ರೋಸ್ಟರ್ ಹಾಕುವ ಕೆಲಸ ನನ್ನ ತಲೆಗೆ ಬಂದಿದೆ. ನಮ್ಮದು ದೊಡ್ಡ ಲೆಕ್ಕವೇನಲ್ಲ. ಎಂಟು ಜನ ಪಿಜಿಗಳು. ಹಗಲು ಎಂಟರಿಂದ ರಾತ್ರಿ ಎಂಟು ಒಂದು ಡ್ಯೂಟಿ, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು ಇನ್ನೊಂದು. ಹಗಲಿಗೆ ಮೂರು ಜನ ಬೇಕು. ರಾತ್ರಿಗೆ ವಾರ್ಡ್‌ಗೆ ಒಬ್ಬರು, ಐಸಿಯುಗೆ ಒಬ್ಬರು. ನೈಟ್ ಮುಗಿದ ದಿನ ಪೂರ್ತಿ ರೆಸ್ಟ್, ಅದಲ್ಲದೆ ವಾರಕ್ಕೊಂದು ರಜೆ, ವಾರಕ್ಕೆ 74 ಗಂಟೆ ಮೀರುವಂತಿಲ್ಲ.

74 ಎಲ್ಲಿಂದ ಬಂತು ಅಂತ ಕೇಳೋರಿಗೆ: ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಾನಸಿಕ ಆರೋಗ್ಯ ಕಾರ್ಯಪಡೆ 2024ರಲ್ಲಿ ಶಿಫಾರಸು ಮಾಡಿದ ಮಿತಿ ಅದು. 1992ರ ಕೇಂದ್ರದ ರೆಸಿಡೆನ್ಸಿ ನಿರ್ದೇಶನದಲ್ಲಿ ವಾರಕ್ಕೆ 48 ಗಂಟೆ, ಒಂದೇ ಸಲಕ್ಕೆ 12 ಗಂಟೆ ಅಂತಿತ್ತು. 2023ರ ಪಿಜಿ ನಿಯಮಗಳಲ್ಲಿ ಸಂಖ್ಯೆಯೇ ಇಲ್ಲ, ಸಮಂಜಸವಾದ ಕೆಲಸದ ಅವಧಿ ಅಂತಷ್ಟೇ ಇದೆ. ನಮ್ಮ ಎಚ್‌ಒಡಿ 74 ಒಪ್ಪಿದರು. ಅಷ್ಟಾದರೂ ಒಪ್ಪಿದರಲ್ಲ ಅಂತ ನಾವೂ ಸುಮ್ಮನಾದೆವು.

ಪ್ರತಿ ತಿಂಗಳು ಇಪ್ಪತ್ತೈದರ ಸುಮಾರಿಗೆ ಸಂಜೆ ರೌಂಡ್ಸ್ ಮುಗಿಸಿ ಪಿಜಿ ರೂಮಿನಲ್ಲಿ ಕೂರುತ್ತೇನೆ. ಕ್ಯಾಂಟೀನ್ ಹುಡುಗ ಫ್ಲಾಸ್ಕಿನಲ್ಲಿ ಕಾಫಿ ಇಟ್ಟು ಹೋಗುತ್ತಾನೆ. ಅಷ್ಟರಲ್ಲಿ ಫೋನಿಗೆ ಮೆಸೇಜ್ ಶುರು: "ಮೇಡಂ, ಅಕ್ಕನ ಸೀಮಂತ, ಎರಡನೇ ಭಾನುವಾರ ಬಿಟ್ಟುಬಿಡಿ." "ಮೇಡಂ, ಥೀಸಿಸ್ ಸಬ್‌ಮಿಷನ್ ಇದೆ, ಆ ವಾರ ನೈಟ್ ಬೇಡ ಪ್ಲೀಸ್." ಎಲ್ಲ ಆ್ಯಪ್‌ಗೆ ತುಂಬಿಸಿ ಬಟನ್ ಒತ್ತಿದರೆ, ಕಾಫಿ ಆರುವುದರೊಳಗೆ ಇಡೀ ತಿಂಗಳು ಬಣ್ಣಬಣ್ಣವಾಗಿ ಎದುರಿಗೆ ಬರುತ್ತೆ. ಹಗಲು ಹಳದಿ, ನೈಟ್ ನೀಲಿ, ರೆಸ್ಟ್ ಬೂದು. ಆಮೇಲೆ ಪ್ರಿಂಟ್ ತೆಗೆದು ನರ್ಸಿಂಗ್ ಸ್ಟೇಷನ್‌ಗೆ ಕೊಡಬೇಕು. ಆ್ಯಪ್ ಇದ್ದರೂ ನಮ್ಮ ಇನ್‌ಚಾರ್ಜ್ ಸಿಸ್ಟರ್‌ಗೆ ಕಾಗದವೇ ಬೇಕು. ಗೋಡೆಗೆ ಅಂಟಿಸಿ, ಅವತ್ತಿನ ನೈಟ್ ಯಾರದ್ದು ಅಂತ ಹಸಿರು ಪೆನ್ನಿನಲ್ಲಿ ಅವರೇ ಗೆರೆ ಎಳೆಯುತ್ತಾರೆ.

ಇಷ್ಟು ಚೆನ್ನಾಗಿದ್ದದ್ದು ಒಂದು ತಿಂಗಳ ಒಂದನೇ ತಾರೀಖು ಬೆಳಿಗ್ಗೆ ಕೆಟ್ಟಿತು. ಹಿಂದಿನ ರಾತ್ರಿ ಐಸಿಯು ನೈಟ್ ಮಾಡಿದ ಜೂನಿಯರ್ ಎಂಟು ಗಂಟೆಗೆ ಫೋನ್ ಮಾಡಿದಳು. "ಮೇಡಂ, ಇವತ್ತು ಹಗಲೂ ನನ್ನ ಹೆಸರೇ ಇದೆ. ನಂಗೆ ನಾನೇ ಹ್ಯಾಂಡ್‌ಓವರ್ ಕೊಟ್ಕೋಬೇಕಾ?"

ನೋಡಿದರೆ ನಿಜ. 31ರ ನೈಟ್ ಹಳೇ ತಿಂಗಳ ಹಾಳೆಯಲ್ಲಿ, ಒಂದನೇ ತಾರೀಖಿನ ಹಗಲು ಹೊಸ ಹಾಳೆಯಲ್ಲಿ. ಹೊಸ ತಿಂಗಳು ಶುರುವಾದಾಗ ಆ್ಯಪ್‌ನ ಪ್ರಕಾರ ಯಾರೂ ಹಿಂದೆ ಏನೂ ಕೆಲಸ ಮಾಡಿಲ್ಲ, ಎಲ್ಲರೂ ನಿದ್ದೆ ಮಾಡಿ ಎದ್ದು ಬಂದವರು. ಬದಲಿಗೆ ಬೇರೆ ಪಿಜಿಯನ್ನು ಕರೆಸಿ, ಆ ಹುಡುಗಿಯನ್ನು ಹಾಸ್ಟೆಲ್‌ಗೆ ಕಳಿಸಿದೆ. ಅವಳೇನೋ ಕ್ಯಾಂಪಸ್‌ನಲ್ಲೇ ಇರುವವಳು. ನಮ್ಮಲ್ಲಿ ಒಬ್ಬ ಮಂಡ್ಯದಿಂದ ಬೈಕಿನಲ್ಲಿ ಓಡಾಡುತ್ತಾನೆ, ಸುಮಾರು 45 ಕಿಲೋಮೀಟರ್. ನೈಟ್ ಮೇಲೆ ಹಗಲು ಮಾಡಿಸಿ ಅವನನ್ನು ಹೈವೇಗೆ ಬಿಡುವುದು ಊಹಿಸಲಿಕ್ಕೂ ಬೇಡ.

ಅವತ್ತಿನಿಂದ ಅನುಮಾನ ಶುರುವಾಯಿತು. ತಿಂಗಳಿನಲ್ಲಿ ಹೀಗಾದರೆ ವಾರದಲ್ಲೂ ಹೀಗೇ ಅಲ್ವಾ? ಹಳೇ ರೋಸ್ಟರ್‌ಗಳನ್ನು ತೆಗೆದು ನೋಡಿದೆ. ಇಬ್ಬರು ರಜೆಯಲ್ಲಿದ್ದ ಸಮಯದಲ್ಲಿ ಒಬ್ಬ ಪಿಜಿಗೆ ಹೀಗೆ ಬಿದ್ದಿತ್ತು. ಮೊದಲ ವಾರ ಸೋಮವಾರ ರಜೆ, ಮಂಗಳವಾರದಿಂದ ಭಾನುವಾರದವರೆಗೆ ಆರು ಹಗಲು. ಒಟ್ಟು 72 ಗಂಟೆ, ಮಿತಿಯೊಳಗೆ. ಎರಡನೇ ವಾರ ಸೋಮವಾರ, ಮಂಗಳವಾರ ಹಗಲು, ಬುಧವಾರ ನೈಟ್, ಗುರುವಾರ ರೆಸ್ಟ್, ಶುಕ್ರವಾರ, ಶನಿವಾರ ಹಗಲು, ಭಾನುವಾರ ರಜೆ. ಒಟ್ಟು 60, ಅದೂ ಮಿತಿಯೊಳಗೆ. ಎರಡು ವಾರಕ್ಕೂ ಹಸಿರು ಟಿಕ್.

ಈಗ ವಾರದ ಗೆರೆ ಅಳಿಸಿ ನೋಡಿ. ಮೊದಲ ಮಂಗಳವಾರದಿಂದ ಮುಂದಿನ ಸೋಮವಾರದವರೆಗೆ ಎಣಿಸಿದರೆ ಏಳು ದಿನಕ್ಕೆ ಏಳು ಡ್ಯೂಟಿ, 84 ಗಂಟೆ. ಅಲ್ಲಿಗೂ ನಿಲ್ಲಲಿಲ್ಲ. ಬುಧವಾರದ ನೈಟ್ ಮುಗಿಯುವವರೆಗೆ ಸತತ ಒಂಬತ್ತು ಡ್ಯೂಟಿ. ಅವನು ಆ ವಾರ ಯಾಕೆ ಹಾಗೆ ಸಿಡಿಮಿಡಿ ಅಂತಿದ್ದ ಅಂತ ಆಗ ಗೊತ್ತಾಯಿತು. ಸೋಮವಾರ ಬೆಳಿಗ್ಗೆ ಆ್ಯಪ್‌ನ ಮೀಟರ್ ಸೊನ್ನೆಗೆ ಬರುತ್ತೆ, ಮನುಷ್ಯನ ದಣಿವು ಬರಲ್ಲ.

ಕಂಪನಿಯವರಿಗೆ ಬರೆದೆ. "ನಿಮ್ಮ ವಾರ ಯಾವ ದಿನ ಶುರುವಾಗಬೇಕು ಅಂತ ಸೆಟ್ಟಿಂಗ್‌ನಲ್ಲಿ ಬದಲಾಯಿಸಬಹುದು ಮೇಡಂ" ಅಂತ ಉತ್ತರ ಬಂತು. ಗೋಡೆಯನ್ನು ಸೋಮವಾರದಿಂದ ಗುರುವಾರಕ್ಕೆ ಸರಿಸಿದರೆ ಗೋಡೆ ಹೋಗುತ್ತಾ? ಕೊನೆಗೆ, ಬಹಳ ದಿನ ಕಾಡಿದ ಮೇಲೆ, ಒಂದು ಅಪ್‌ಡೇಟ್‌ನಲ್ಲಿ ಎರಡು ಬದಲಾವಣೆ ಬಂದವು. ಹಿಂದಿನ ತಿಂಗಳ ಕೊನೆಯ ಏಳು ದಿನ ಹೊಸ ಹಾಳೆಯ ಎಡಗಡೆ ಬೀಗ ಹಾಕಿಕೊಂಡು ಕೂರುತ್ತೆ. ಗಂಟೆಯ ಮಿತಿಯನ್ನು ವಾರದ ಬದಲು ಯಾವುದೇ ಸತತ ಏಳು ದಿನಕ್ಕೆ ಲೆಕ್ಕ ಹಾಕುತ್ತೆ. ಈ ಭರಾಟೆಯಲ್ಲೇ ರೆಸ್ಟ್ ದಿನವನ್ನು ವಾರದ ರಜೆಯಿಂದ ಬೇರೆಯಾಗಿ ಎಣಿಸು ಅಂತ ನಾನೂ ಟಿಕ್ ಹಾಕಿದೆ.

ಖುಷಿಯಿಂದ ಬಟನ್ ಒತ್ತಿದೆ. ಕೆಂಪು ಪೆಟ್ಟಿಗೆ: `INFEASIBLE`. ಯಾಕೆ ಆಗಲ್ಲ ಅಂತ ಒಂದು ಮಾತಿಲ್ಲ. ಸಪೋರ್ಟ್‌ನವರು ಆ ಟಿಕ್ ತೆಗೆಯಿರಿ, ಆಗುತ್ತೆ ಅಂದರು. ತೆಗೆದರೆ ಆಗುತ್ತೆ, ನಿಜ. ಆದರೆ ರೆಸ್ಟ್ ದಿನ ಅಂದರೆ ಬೆಳಿಗ್ಗೆ ಎಂಟರವರೆಗೆ ಕೆಲಸ ಮಾಡಿ, ಬಿದ್ದು ನಿದ್ದೆ ಹೋಗಿ, ಸಂಜೆ ತಲೆನೋವಿನಲ್ಲಿ ಏಳುವ ದಿನ. ಅದನ್ನು ರಜೆ ಅಂತ ಬರೆಯಲು ನನ್ನ ಕೈ ಬರಲಿಲ್ಲ.

ಯಾವ ನಿಯಮ ಅಡ್ಡ ಬರುತ್ತಿದೆ ಅಂತ ತಿಳಿಯಲು ಒಂದೊಂದನ್ನೇ ಆಫ್ ಮಾಡುತ್ತಾ ಹೋದೆ. 74 ಗಂಟೆ ತೆಗೆದೆ, ಆಗಲೂ ಕೆಂಪು. ವಾರದ ರಜೆ ತೆಗೆದೆ, ಹಸಿರು. ಅಂದರೆ ಸಮಸ್ಯೆ ಗಂಟೆಯದ್ದಲ್ಲ, ತಲೆಗಳದ್ದು. ಪೆನ್ನು ತೊಗೊಂಡು ಬರೆದಾಗ ಎಲ್ಲ ಸ್ಪಷ್ಟವಾಯಿತು. ಎಂಟು ಜನ, ಏಳು ದಿನ, ಒಟ್ಟು 56 ಆಳು-ದಿನ. ಎಲ್ಲರ ವಾರದ ರಜೆಗೆ 8 ಹೋಯಿತು. ವಾರಕ್ಕೆ 14 ನೈಟ್, ಅವುಗಳ ಹಿಂದೆ 14 ರೆಸ್ಟ್. ಉಳಿದದ್ದು 20. ಹಗಲಿಗೆ ದಿನಕ್ಕೆ ಮೂರರಂತೆ ಬೇಕಾದದ್ದು 21. ಒಂದೇ ಒಂದು ಕಮ್ಮಿ!

ಗಂಟೆ ಲೆಕ್ಕದಲ್ಲಿ ನೋಡಿದರೆ ಎಲ್ಲ ಆರಾಮಾಗಿ ಕಾಣುತ್ತೆ. 35 ಡ್ಯೂಟಿಯನ್ನು ಎಂಟು ಜನಕ್ಕೆ ಹಂಚಿದರೆ ತಲೆಗೆ ಸರಾಸರಿ 52.5 ಗಂಟೆ. ಮ್ಯಾನೇಜ್‌ಮೆಂಟ್‌ನವರು ಈ ಸಂಖ್ಯೆ ನೋಡಿಯೇ "ಇನ್ನೊಬ್ಬರು ಯಾಕೆ ಬೇಕು?" ಅನ್ನುವುದು. ಅವರಿಗೆ ಗಂಟೆಯ ಬದಲು ಈ 20 ಮತ್ತು 21 ತೋರಿಸಬೇಕು.

ಭಾನುವಾರ ಓಪಿಡಿ ಇಲ್ಲ, ಹಗಲಿಗೆ ಇಬ್ಬರು ಸಾಕು ಅಂತ ಮಾಡಿದೆವು. 20ಕ್ಕೆ 20 ಕೂಡಿತು. ಆದರೆ ಒಬ್ಬರಿಗೆ ಜ್ವರ ಬಂದರೂ ಮತ್ತೆ ಕೆಂಪು. ದಸರಾ ಬೇರೆ ಬರುತ್ತಿತ್ತು. ವಿಜಯದಶಮಿ ದಿನ ಊರವರಿಗೆಲ್ಲ ರಜೆ ಬೇಕು. ಜಂಬೂಸವಾರಿಗೆ ಅರಮನೆಯಿಂದ ಬನ್ನಿಮಂಟಪದ ಕಡೆ ರಸ್ತೆ ಮುಚ್ಚಿರುತ್ತಾರೆ, ಸಂಜೆ ಪಂಜಿನ ಕವಾಯತು. ರಾತ್ರಿ ಎಂಟಕ್ಕೆ ಬರಬೇಕಾದವರು ಎಷ್ಟೊತ್ತಿಗೆ ಬರುತ್ತಾರೋ ಗೊತ್ತಿಲ್ಲ.

ದಾರಿ ಕಂಡದ್ದು ನೈಟ್‌ಗಳನ್ನು ಜೋಡಿ ಮಾಡಿದಾಗ. ಬಿಡಿ ನೈಟ್ ಒಂದಕ್ಕೆ ಒಂದು ರೆಸ್ಟ್ ಬೇಕು. ಎರಡು ನೈಟ್ ಒಟ್ಟಿಗೆ ಮಾಡಿದರೆ ಎರಡಕ್ಕೂ ಸೇರಿ ಕೊನೆಗೆ ಒಂದೇ ರೆಸ್ಟ್ ದಿನ, ಯಾಕೆಂದರೆ ನಡುವಿನ ಹಗಲು ಹೇಗೂ ನಿದ್ದೆಗೇ ಹೋಗುತ್ತೆ. 14 ನೈಟ್‌ಗೆ ಸರಾಸರಿ ಏಳು ರೆಸ್ಟ್ ಸಾಕು. ಕೈಯಲ್ಲಿ ಏಳು ಆಳು-ದಿನ ಉಳಿಯಿತು. ಆ್ಯಪ್‌ನಲ್ಲಿ ಬದಲಾಯಿಸಿದ್ದು ಒಂದೇ ಸಾಲು: ನೈಟ್ ಆದಮೇಲೆ ರೆಸ್ಟ್ ಮಾತ್ರ ಅಂತಿದ್ದದ್ದನ್ನು ನೈಟ್ ಅಥವಾ ರೆಸ್ಟ್ ಅಂತ ಮಾಡಿ, ಸತತ ನೈಟ್ ಎರಡಕ್ಕೆ ನಿಲ್ಲಿಸಿದೆ. ಉಳಿದ ದಿನಗಳಲ್ಲಿ ರೆಸ್ಟ್ ಪಕ್ಕಕ್ಕೇ ವಾರದ ರಜೆ ಬರುವಂತೆ ನೋಡಿಕೊಂಡರೆ ಬೆಳಿಗ್ಗೆ ಎಂಟಕ್ಕೆ ಮನೆಗೆ ಹೋದವರು ಪೂರ್ತಿ 48 ಗಂಟೆ ಬಿಟ್ಟು ಬರುತ್ತಾರೆ. ಮಂಡ್ಯದ ಹುಡುಗ ಈಗ ನೈಟ್ ಕೇಳಿ ಹಾಕಿಸಿಕೊಳ್ಳುತ್ತಾನೆ!

ಎಲ್ಲರಿಗೂ ಇದು ಇಷ್ಟವಾಗಿಲ್ಲ. ಹಗಲು ನಿದ್ದೆ ಬರದ ಇಬ್ಬರಿಗೆ ಎರಡನೇ ನೈಟ್ ನರಕ. ಹಾಸ್ಟೆಲ್ ಪಕ್ಕ ಕಟ್ಟಡದ ಕೆಲಸ ನಡೆಯುತ್ತಿರುವವರೆಗೆ ಅವರಿಗೆ ಬಿಡಿ ನೈಟ್ ಕೊಡುತ್ತಿದ್ದೇನೆ, ಅಷ್ಟಕ್ಕೆ ಜಾಗ ಇದೆ.

ನೀವು ಯಾವ ಆ್ಯಪ್ ತೊಗೊಂಡರೂ ಅದು ಕೊಟ್ಟ ರೋಸ್ಟರನ್ನು ಎಕ್ಸೆಲ್‌ಗೆ ಇಳಿಸಿ ಒಮ್ಮೆ ಪರೀಕ್ಷೆ ಮಾಡಿ. ಹಿಂದಿನ ತಿಂಗಳ ಏಳು ದಿನ C ಇಂದ I ವರೆಗೆ, ಈ ತಿಂಗಳು J ಇಂದ ಶುರು. ಹಗಲಿಗೆ D, ನೈಟ್‌ಗೆ N ಅಂತ ಇದ್ದರೆ ಮೂರನೇ ಸಾಲಿನವರಿಗೆ ಇದು:

```
=COUNTIFS(C3:AM3,"N",D3:AN3,"D")
```

ಸೊನ್ನೆ ಬರಬೇಕು. ಒಂದು ಬಂದರೂ ಯಾರೋ ನೈಟ್ ಮುಗಿಸಿ ಹಗಲಿಗೆ ನಿಂತಿದ್ದಾರೆ ಅಂತ.

ಇನ್ನೂ ಬೈಯುವುದಿದೆ. ಇಬ್ಬರು ಡ್ಯೂಟಿ ಅದಲುಬದಲು ಮಾಡಿಕೊಂಡಾಗ ಆ್ಯಪ್ ಅವರಿಬ್ಬರ ರೆಸ್ಟ್ ನೋಡುತ್ತೆ, ಆದರೆ ಏಳು ದಿನದ ಗಂಟೆಯನ್ನು ಮತ್ತೆ ಲೆಕ್ಕ ಹಾಕಲ್ಲ. ಹಾಗಾಗಿ ಪ್ರತಿ ಅದಲುಬದಲಿಗೂ ನಾನೇ ಎಕ್ಸೆಲ್ ತೆರೆಯಬೇಕು. ತಲೆಗಿಷ್ಟು ಅಂತ ದುಡ್ಡು ಬೇರೆ. ಹತ್ತು ಜನರೊಳಗಿನ ವಿಭಾಗಕ್ಕೆ, ಎಕ್ಸೆಲ್ ಗೊತ್ತಿರೋ ಒಬ್ಬರಿದ್ದರೆ, ಇದು ಬೇಕಾಗಿಲ್ಲ ಅನ್ನೋದೇ ನನ್ನ ಅಭಿಪ್ರಾಯ. ಇಪ್ಪತ್ತು ಜನರ ಮೇಲಿದ್ದರೆ ಬೇಕು. ನಾವು ಎಂಟೇ ಜನ ಇದ್ದರೂ ರಿನೀವಲ್‌ಗೆ ಸಹಿ ಹಾಕಿದ್ದೇವೆ. ಯಾಕೆಂದರೆ ರೋಸ್ಟರ್ ಹಾಕಿದ್ದು ಆ್ಯಪ್ ಅಂದರೆ ದೀಪಾವಳಿ ನೈಟ್ ಬಿದ್ದವರು ನನ್ನ ಜೊತೆ ಜಗಳ ಆಡಲ್ಲ.