ಒಂದೇ ಅಳತೆಗೆ ಹೆಚ್ಚಿದೆ, ಸಾಗು ಕೆಟ್ಟಿತು: ಡೈಸರ್, ಚಾಪರ್ ಮತ್ತು ನಮ್ಮ ಈಳಿಗೆಮಣೆ

ಗೆದ್ದದ್ದು ಈಳಿಗೆಮಣೆ ಎಂದು ಮೊದಲೇ ಹೇಳಿಬಿಡುತ್ತೇನೆ. ಸೋತದ್ದು 649 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ ಡೈಸರ್. ಡಬ್ಬಿಯ ಮೇಲೆ ಚೌಕದ ಬ್ಲೇಡಿನ ಜಾಲರಿ, ಅದರ ಮೇಲೆ ತರಕಾರಿ ಇಟ್ಟು ಮುಚ್ಚಳ ಒತ್ತಿದರೆ ಕೆಳಗೆ ಹೋಳು ಬೀಳುವ ಸಾಮಾನು ಅದು. ನಡುವೆ ಉಳಿದದ್ದು ಕೋಲಾರದ ಬಸ್ ನಿಲ್ದಾಣದ ಹತ್ತಿರ ತಳ್ಳುಗಾಡಿಯಲ್ಲಿ ಇನ್ನೂರಕ್ಕೆ ಕೊಂಡ, ದಾರ ಎಳೆದು ತಿರುಗಿಸುವ ಚಾಪರ್.

ಡೈಸರ್ ಬಂದ ವಾರವೇ ಅತ್ತೆಯ ಕಡೆಯವರು ಎಂಟು ಮಂದಿ ಮುಳಬಾಗಿಲಿನಿಂದ ಬರುವವರಿದ್ದರು. ಪೂರಿ ಸಾಗು ಎಂದು ತೀರ್ಮಾನವಾಯಿತು. ಅರ್ಧ ಕೆಜಿ ಆಲೂಗಡ್ಡೆ, ಕಾಲು ಕೆಜಿ ಕ್ಯಾರೆಟ್, ಕಾಲು ಕೆಜಿ ಹುರುಳಿಕಾಯಿ. ಮೂರನ್ನೂ ಒಂದು ಸೆಂಟಿಮೀಟರಿನ ಜಾಲರಿಯಲ್ಲೇ ಒತ್ತಿದೆ. ತಟ್ಟೆಯಲ್ಲಿ ನೋಡಲು ಚೆಂದವೋ ಚೆಂದ, ಕಲ್ಯಾಣ ಮಂಟಪದ ಅಡುಗೆಯವರೂ ಅಷ್ಟು ಸಮನಾಗಿ ಹೆಚ್ಚಲಾರರು. ಎಲ್ಲವನ್ನೂ ಒಟ್ಟಿಗೆ ಕುದಿಯುವ ನೀರಿಗೆ ಹಾಕಿದೆ. ಏಳೆಂಟು ನಿಮಿಷಕ್ಕೆ ಆಲೂಗಡ್ಡೆ ಹದವಾಯಿತು, ಕ್ಯಾರೆಟ್ ಇನ್ನೂ ಕಟಕಟ ಎನ್ನುತ್ತಿತ್ತು. ಕ್ಯಾರೆಟ್ ಬೇಯಲಿ ಎಂದು ಕಾದೆ. ಮಸಾಲೆ ಹಾಕಿ ಇನ್ನೊಂದು ಕುದಿ ಬರಿಸಿ ಇಳಿಸುವ ಹೊತ್ತಿಗೆ ಕ್ಯಾರೆಟ್ ಸರಿಯಾಗಿತ್ತು, ಆಲೂಗಡ್ಡೆ ಇರಲಿಲ್ಲ. ಅತ್ತೆ ಸೌಟು ಆಡಿಸಿ ನೋಡಿ, “ಏನಮ್ಮಾ, ಅರ್ಧ ಕೆಜಿ ಆಲೂಗಡ್ಡೆ ತಂದಿದ್ದೆಯಲ್ಲ, ಎಲ್ಲಿ ಹೋಯಿತು?” ಎಂದರು. ನೆಂಟರು ಪಾಪ, ಗೊಜ್ಜು ಚೆನ್ನಾಗಿದೆ ಎಂದು ಹೊಗಳಿದರು.

ಆ ಸಿಟ್ಟಿಗೆ ಮುಂದಿನ ಭಾನುವಾರ ಪಾತ್ರೆ ತುಂಬ ನೀರು ಕುದಿಸಿ, ಮೊಬೈಲಿನಲ್ಲಿ ಸಮಯ ನೋಡುತ್ತಾ ಒಂದೊಂದು ತರಕಾರಿಯನ್ನೂ ಬೇರೆ ಬೇರೆಯಾಗಿ ಬೇಯಿಸಿದೆ. ಟೂತ್‌ಪಿಕ್ ತಡೆಯಿಲ್ಲದೆ ಇಳಿದರೆ ಬೆಂದಿದೆ ಎಂದು ಲೆಕ್ಕ. ಒಂದು ಸೆಂಟಿಮೀಟರಿನ ಆಲೂಗಡ್ಡೆ ಹೋಳಿಗೆ ಏಳು ನಿಮಿಷ, ಎರಡು ಸೆಂಟಿಮೀಟರಿನದಕ್ಕೆ ಹನ್ನೊಂದು. ಕ್ಯಾರೆಟ್ ಒಂದು ಸೆಂಟಿಮೀಟರಿಗೆ ಹತ್ತು, ಎರಡಕ್ಕೆ ಹದಿನಾಲ್ಕು.

ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಿ. ಹೋಳಿನ ಬದಿ ಎರಡರಷ್ಟಾದಾಗ ಸಮಯ ಎರಡರಷ್ಟಾಗಲಿಲ್ಲ. ಎರಡು ತರಕಾರಿಯಲ್ಲೂ ಹೆಚ್ಚಾದದ್ದು ನಾಲ್ಕೇ ನಿಮಿಷ. ಕಾರಣ, ಬೇಯುವುದರಲ್ಲಿ ಎರಡು ಕೆಲಸಗಳಿವೆ. ಬಿಸಿ ಹೋಳಿನ ನಡುವಿಗೆ ತಲುಪುವುದು ಒಂದು, ತಲುಪಿದ ಮೇಲೆ ಅಲ್ಲಿ ಮೆತ್ತಗಾಗುವುದು ಇನ್ನೊಂದು. ಬಿಸಿ ಒಳಗೆ ಹೋಗುವ ಸಮಯ ದಪ್ಪದ ವರ್ಗದಂತೆ ಏರುತ್ತದೆ, ಅಂದರೆ ದಪ್ಪ ಎರಡರಷ್ಟಾದರೆ ಸಮಯ ನಾಲ್ಕರಷ್ಟು. ಒಂದು ಸೆಂಟಿಮೀಟರಿನ ಹೋಳಿನಲ್ಲಿ ಅದಕ್ಕೆ ಒಂದು ನಿಮಿಷದ ಮೇಲೆ ಸ್ವಲ್ಪ ಸಾಕು, ಎರಡು ಸೆಂಟಿಮೀಟರಿನದರಲ್ಲಿ ಐದು ನಿಮಿಷದ ಆಸುಪಾಸು. ಆಲೂಗಡ್ಡೆ, ಕ್ಯಾರೆಟ್ ಎರಡೂ ಹೆಚ್ಚುಪಾಲು ನೀರೇ ಆದ್ದರಿಂದ ಬಿಸಿ ಎರಡರಲ್ಲೂ ಒಂದೇ ವೇಗದಲ್ಲಿ ಓಡುತ್ತದೆ. ಆ ನಾಲ್ಕು ನಿಮಿಷ ಎರಡಕ್ಕೂ ಸಮನಾಗಿ ಬಂದದ್ದು ಅದಕ್ಕೇ.

ವ್ಯತ್ಯಾಸವೆಲ್ಲ ಮೆತ್ತಗಾಗುವ ಕೆಲಸದಲ್ಲಿ. ಆಲೂಗಡ್ಡೆಯ ಒಳಗೆ ಪಿಷ್ಟ ತುಂಬಿರುತ್ತದೆ. ಅರವತ್ತು, ಎಪ್ಪತ್ತು ಡಿಗ್ರಿಗೇ ಅದು ನೀರು ಹೀರಿ ಉಬ್ಬುತ್ತದೆ, ಆಮೇಲೆ ಕೋಶಗಳು ಒಂದರಿಂದ ಒಂದು ಬಿಟ್ಟುಕೊಳ್ಳುತ್ತವೆ. ಕ್ಯಾರೆಟ್‌ನಲ್ಲಿ ಹಾಗೆ ಉಬ್ಬುವ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಕರಗಬೇಕು, ಅದು ಕುದಿಯುವ ಬಿಸಿಯಲ್ಲೂ ಆತುರಪಡುವುದಿಲ್ಲ. ಹಾಗಾಗಿ ಕ್ಯಾರೆಟ್‌ಗೆ ಮೂರು ನಿಮಿಷ ಹೆಚ್ಚು ಬೇಕೇ ಬೇಕು. ಸಮನಾಗಿ ಹೆಚ್ಚಿದರೆ ಆ ಮೂರು ನಿಮಿಷವನ್ನು ಆಲೂಗಡ್ಡೆ ಮೈ ಕರಗಿಸಿಕೊಂಡು ತೀರಿಸುತ್ತದೆ. ಆಲೂಗಡ್ಡೆಯನ್ನು ಎರಡು ಸೆಂಟಿಮೀಟರಿಗೆ, ಕ್ಯಾರೆಟನ್ನು ಒಂದಕ್ಕೆ ಹೆಚ್ಚಿದರೆ ಹನ್ನೊಂದು, ಹತ್ತು: ಎರಡೂ ಜೊತೆಯಾಗಿ ಇಳಿಯುತ್ತವೆ.

ಕ್ಯಾರೆಟನ್ನು ಇನ್ನೂ ಚಿಕ್ಕದಾಗಿ ಹೆಚ್ಚಿದರೆ ಇನ್ನೂ ಬೇಗ ಬೇಯುವುದಿಲ್ಲವೇ ಎಂದು ನಾದಿನಿ ಕೇಳಿದಳು. ಅದನ್ನೂ ನೋಡಿದೆ. ಅರ್ಧ ಸೆಂಟಿಮೀಟರಿನದು ಒಂಬತ್ತು ನಿಮಿಷ ತೆಗೆದುಕೊಂಡಿತು, ಉಳಿದದ್ದು ಒಂದೇ ನಿಮಿಷ. ಬಿಸಿ ಹೋಗುವ ದಾರಿ ಆಗಲೇ ಮುಗಿದುಹೋಗಿರುತ್ತದೆ. ಇನ್ನೆಷ್ಟು ಚಿಕ್ಕದು ಮಾಡಿದರೂ ಪೆಕ್ಟಿನ್ ತನ್ನ ಸಮಯ ತೆಗೆದುಕೊಳ್ಳುತ್ತದೆ, ಸಿಹಿ ಮಾತ್ರ ನೀರಿಗೆ ಹೋಗುತ್ತದೆ.

ಈಗ ಡೈಸರ್ ಮೇಲಿನ ನನ್ನ ದೂರು. ಜಾಹೀರಾತಿನಲ್ಲಿ ಇಡೀ ಆಲೂಗಡ್ಡೆ ಇಟ್ಟು ಒಂದೇ ಏಟಿಗೆ ಒತ್ತುವುದನ್ನು ತೋರಿಸುತ್ತಾರೆ. ಮನೆಯಲ್ಲಿ ಇಡೀ ಆಲೂಗಡ್ಡೆ ಇಟ್ಟರೆ ಮುಚ್ಚಳ ಅರ್ಧಕ್ಕೇ ನಿಂತು ಬಿಡುತ್ತದೆ. ಮೊದಲು ಚಾಕುವಿನಲ್ಲಿ ಬಿಲ್ಲೆ ಮಾಡಿಕೊಳ್ಳಬೇಕು, ಆಮೇಲೆ ಒತ್ತಬೇಕು. ಚಾಕು ಹಿಡಿದ ಮೇಲೆ ಡೈಸರ್ ಯಾಕೆ ಎನ್ನುವುದು ಒಂದು ಮಾತು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಜಾಲರಿ ಹೋಳಿನ ಎರಡು ಅಳತೆಯನ್ನು ಮಾತ್ರ ತೀರ್ಮಾನಿಸುತ್ತದೆ, ಉದ್ದ ಮತ್ತು ಅಗಲ. ಮೂರನೆಯದು, ಅಂದರೆ ದಪ್ಪ, ನನ್ನ ಚಾಕು ಬಿಲ್ಲೆಯನ್ನು ಎಷ್ಟು ದಪ್ಪ ಕೊಯ್ದಿತೋ ಅಷ್ಟು. ಅವಸರದಲ್ಲಿ ಒಂದು ಬಿಲ್ಲೆ ಅರ್ಧ ಸೆಂಟಿಮೀಟರ್, ಇನ್ನೊಂದು ಮೂರು ಸೆಂಟಿಮೀಟರ್. ಕೆಳಗೆ ಬಿದ್ದವು ಕೆಲವು ಹೆಂಚಿನ ಚೂರಿನಂತೆ, ಕೆಲವು ಕಡ್ಡಿಯಂತೆ.

ಬೇಯುವ ಸಮಯವನ್ನು ನಿರ್ಧರಿಸುವುದು ಹೋಳಿನ ಅತಿ ಚಿಕ್ಕ ಅಳತೆ, ಏಕೆಂದರೆ ಬಿಸಿ ಅತಿ ಹತ್ತಿರದ ದಾರಿಯಿಂದಲೇ ನಡುವಿಗೆ ನುಗ್ಗುತ್ತದೆ. ಹಾಗಾಗಿ ಮೂರು ಸೆಂಟಿಮೀಟರಿನ ಕಡ್ಡಿ ಚೌಕದ ಹೋಳಿನಷ್ಟೇ ಸಮಯಕ್ಕೆ ಬೇಯುತ್ತದೆ, ಅದರಿಂದ ತೊಂದರೆಯಿಲ್ಲ. ಕೈಕೊಡುವುದು ಚೂರುಗಳು. ಅವು ಐದಾರು ನಿಮಿಷಕ್ಕೇ ಬೆಂದು, ಸೌಟು ತಾಗಿದ ಕೂಡಲೇ ಒಡೆದು, ನೀರನ್ನು ಗಂಜಿ ಮಾಡುತ್ತವೆ. ಹೋಳಿನ ಮೂಲೆಗಳೂ ಅಷ್ಟೇ. ಮೂಲೆಗೆ ಮೂರು ಕಡೆಯಿಂದ ಬಿಸಿ ಬರುವುದರಿಂದ ಅದೇ ಮೊದಲು ಸವೆಯುತ್ತದೆ. ಒಂದು ದೊಡ್ಡ ಹೋಳನ್ನು ಎಂಟು ಚಿಕ್ಕ ಹೋಳು ಮಾಡಿದರೆ ಮೂಲೆಗಳೂ ಎಂಟರಷ್ಟು. ಅತ್ತೆ ಹುಡುಕಿದ ಆಲೂಗಡ್ಡೆ ಹೋದದ್ದು ಆ ದಾರಿಯಲ್ಲಿ.

ಕ್ಯಾರೆಟ್‌ನದು ಇನ್ನೊಂದು ಗೋಳು. ಜಾಲರಿಯ ಬ್ಲೇಡು ಕೊಯ್ಯುವುದಿಲ್ಲ, ಒತ್ತಡದಿಂದ ಸೀಳುತ್ತದೆ. ಬಲಿತ ಕ್ಯಾರೆಟ್‌ನ ನಡುವಿನ ದಿಂಡು ಗಟ್ಟಿ, ಸುತ್ತಲಿನ ಭಾಗ ಅದಕ್ಕಿಂತ ಮೆದು. ಒತ್ತಿದಾಗ ದಿಂಡು ಒಂದು ಕಡೆ, ಹೊರಭಾಗ ಒಂದು ಕಡೆ ಬೇರೆಯಾಗಿ ಬೀಳುತ್ತದೆ. ಬರೀ ದಿಂಡಿನ ಹೋಳು ಕೊನೆಗೂ ಬಾಯಿಗೆ ನಾರುನಾರಾಗಿಯೇ ಸಿಗುತ್ತದೆ. ಮೂರನೆಯ ಕ್ಯಾರೆಟ್‌ಗೆ ಮೈಭಾರವನ್ನೆಲ್ಲ ಹಾಕಿ ಒತ್ತಿದೆ, ಮುಚ್ಚಳದ ಕೀಲು ಬಿರುಕು ಬಿಟ್ಟಿತು. ವಾಪಸು ಕಳಿಸಲು ಹೋದರೆ “ಬಳಸಿದ ವಸ್ತು” ಎಂದು ಉತ್ತರ ಬಂತು. ಬಳಸದೆ ಬಿರುಕು ಬಿಡುವುದು ಹೇಗೆ ಎಂದು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಈಳಿಗೆಮಣೆಯಲ್ಲಿ ನಾನು ಕ್ಯಾರೆಟನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ, ಆಮೇಲೆ ಅಡ್ಡಕ್ಕೆ ಹೆಚ್ಚುತ್ತೇನೆ. ಪ್ರತಿ ಹೋಳಿಗೂ ಸ್ವಲ್ಪ ದಿಂಡು, ಸ್ವಲ್ಪ ಹೊರಭಾಗ ಸಿಗುತ್ತದೆ. ತುದಿಯ ಕಡೆ ಕ್ಯಾರೆಟ್ ಸಣ್ಣಗಾದಾಗ ನಾಲ್ಕರ ಬದಲು ಎರಡೇ ಸೀಳು. ಎರಡು ಕೈಯಲ್ಲೂ ತರಕಾರಿಯೇ ಇರುವುದರಿಂದ ದಪ್ಪ ಬದಲಾದದ್ದು ಬೆರಳಿಗೆ ತಿಳಿಯುತ್ತದೆ, ಕಣ್ಣಿಗಿಂತ ಮೊದಲೇ.

ಚಾಪರ್ ಬಗ್ಗೆ ಹೇಳುವುದು ಕಡಿಮೆ. ಹತ್ತು ಸಲ ದಾರ ಎಳೆದರೆ ಅರ್ಧ ಪುಡಿ, ಅರ್ಧ ಗಡ್ಡೆ. ಈರುಳ್ಳಿಗೆ ಸರಿ, ಸಾಗುವಿಗೆ ಬೇಡ.

ಹುರುಳಿಕಾಯಿಯ ವಿಷಯದಲ್ಲಿ ನನ್ನ ನಂಬಿಕೆಯೇ ತಲೆಕೆಳಗಾಯಿತು. ಚಿಕ್ಕದಾಗಿ ಹೆಚ್ಚಿದರೆ ಬೇಗ ಬೇಯುತ್ತದೆ ಎಂದುಕೊಂಡಿದ್ದೆ. ಒಂದು ಸೆಂಟಿಮೀಟರಿನ ತುಂಡು ಎಂಟು ನಿಮಿಷ, ನಾಲ್ಕು ಸೆಂಟಿಮೀಟರಿನದೂ ಹೆಚ್ಚುಕಡಿಮೆ ಎಂಟೇ ನಿಮಿಷ. ಅತಿ ಚಿಕ್ಕ ಅಳತೆಯ ಮಾತು ಇಲ್ಲೂ ನಿಜ. ಕಾಯಿಯ ದಪ್ಪ ಒಂದು ಸೆಂಟಿಮೀಟರಿಗಿಂತ ಕಡಿಮೆ, ಉದ್ದ ಎಷ್ಟಿದ್ದರೂ ಬಿಸಿಗೆ ಲೆಕ್ಕವಿಲ್ಲ. ಬದಲಾಗುವುದು ಬಾಯಿಗೆ ಸಿಗುವ ಹದ. ಉದ್ದದ ತುಂಡಿನ ರಸ ಒಳಗೇ ಉಳಿದು ಕಡಿದಾಗ ಕಾಯಿಯ ರುಚಿ ಬರುತ್ತದೆ, ಆದರೆ ಮೇಣದಂತಹ ಸಿಪ್ಪೆ ಉಪ್ಪು ಖಾರವನ್ನು ಒಳಗೆ ಬಿಡುವುದಿಲ್ಲ, ಕತ್ತರಿಸಿದ ತುದಿಗಳೇ ಬಾಗಿಲು. ಒಂದು ಸೆಂಟಿಮೀಟರಿನ ತುಂಡಿಗೆ ಮಸಾಲೆ ಚೆನ್ನಾಗಿ ಹಿಡಿಯುತ್ತದೆ, ಬೀಜ ಮಾತ್ರ ಉದುರಿ ಗೊಜ್ಜಿಗೆ ಸೇರುತ್ತದೆ. ಸಾಗುವಿಗೆ ನಾನು ಎರಡು ಸೆಂಟಿಮೀಟರಿಗೆ ಓರೆಯಾಗಿ ಹೆಚ್ಚುತ್ತೇನೆ, ಓರೆ ಕೊಯ್ದರೆ ಬಾಗಿಲು ದೊಡ್ಡದು. ತೆಂಗಿನಕಾಯಿ ಹಾಕುವ ಪಲ್ಯಕ್ಕಾದರೆ ಮೂರು ಮಿಲಿಮೀಟರಿಗೆ ಸಣ್ಣಗೆ. ಡೈಸರ್‌ನಲ್ಲಿ ಹುರುಳಿಕಾಯಿ ಅಡ್ಡ ಮಲಗಿದ್ದು ಒಂದು ಅಳತೆ, ಓರೆ ಮಲಗಿದ್ದು ಇನ್ನೊಂದು, ಕೆಲವು ಜಜ್ಜಿ ನಾರಿನಲ್ಲೇ ನೇತಾಡುತ್ತಿದ್ದವು.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಕೊಳವೆಬಾವಿ ನೀರಿನಲ್ಲಿ ಬೇಯಿಸಿದ ಹುರುಳಿಕಾಯಿ, ಐದು ರೂಪಾಯಿಗೆ ಕ್ಯಾನ್ ತುಂಬಿಸುವ ಶುದ್ಧ ನೀರಿನದಕ್ಕಿಂತ ಎರಡು ನಿಮಿಷ ತಡವಾಯಿತು. ಗಡಸು ನೀರಿನ ಕ್ಯಾಲ್ಸಿಯಂ ಪೆಕ್ಟಿನ್‌ಗೆ ಸೇರಿ ಅದನ್ನು ಇನ್ನಷ್ಟು ಬಿಗಿಯಾಗಿಸುತ್ತದೆ. ಹುಳಿಯೂ ಹಾಗೇ ಮಾಡುತ್ತದೆ, ಆದ್ದರಿಂದ ತರಕಾರಿ ಬೆಂದ ಮೇಲೆಯೇ ಟೊಮೆಟೊ. ನಾನು ಕೊಡುವ ನಿಮಿಷಗಳೆಲ್ಲ ಶುದ್ಧ ನೀರಿನವು.

ಈಗ ನನ್ನ ಕ್ರಮ ಹೀಗೆ. ನೀರು ಕುದಿ ಬಂದ ಮೇಲೆ ಎರಡು ಸೆಂಟಿಮೀಟರಿನ ಆಲೂಗಡ್ಡೆ, ಒಂದು ಸೆಂಟಿಮೀಟರಿನ ಕ್ಯಾರೆಟ್, ಉಪ್ಪು. ಮೂರು ನಿಮಿಷ ಬಿಟ್ಟು ಹುರುಳಿಕಾಯಿ. ಒಟ್ಟು ಹತ್ತನೆಯ ನಿಮಿಷಕ್ಕೆ ರುಬ್ಬಿದ ಮಸಾಲೆ, ಮೂರು ನಿಮಿಷ ಕುದಿಸಿ ಇಳಿಸುವುದು. ಮಸಾಲೆ ಹಾಕುವಾಗ ಆಲೂಗಡ್ಡೆಯ ನಡುವೆ ಟೂತ್‌ಪಿಕ್‌ಗೆ ತುಸು ತಡೆ ಸಿಗಬೇಕು, ಉಳಿದದ್ದನ್ನು ಆ ಕುದಿ ನೋಡಿಕೊಳ್ಳುತ್ತದೆ. ಹೋಳಿನ ಅಂಚು ಮಾತ್ರ ಸವೆದು ಗೊಜ್ಜು ತಕ್ಕಷ್ಟು ಮಂದವಾಗುತ್ತದೆ. ಕುಕ್ಕರ್‌ನಲ್ಲಿ ಈ ಆಟ ನಡೆಯುವುದಿಲ್ಲ, ಒಂದು ಕೂಗಿಗೇ ಆಲೂಗಡ್ಡೆ ಹದ ಮೀರುತ್ತದೆ.

ಈಳಿಗೆಮಣೆಯಲ್ಲಿ ಒಂದು ಕೆಜಿ ತರಕಾರಿಗೆ ನನಗೆ ಇಪ್ಪತ್ತೈದು ನಿಮಿಷ ಬೇಕು. ನೆಲದ ಮೇಲೆ ಕೂರಲಾಗದವರಿಗೆ, ಮಂಡಿನೋವಿನವರಿಗೆ ಹರಿತವಾದ ಒಂದು ಚಾಕು, ಒಂದು ಮರದ ಹಲಗೆ ಸಾಕು, ಅಳತೆ ಇದೇ. ನನಗೆ ಅಮ್ಮ ಕೊಟ್ಟ ಮಣೆ ಇದೆ, ಸಾಣೆ ಹಿಡಿಸಿದ ಖರ್ಚು ಬಿಟ್ಟರೆ ಬೇರೆ ಖರ್ಚಿಲ್ಲ. ಡೈಸರ್ ಬೇಯಿಸಿದ ಬೀಟ್‌ರೂಟ್‌ಗೂ ಪರಂಗಿ ಹಣ್ಣಿಗೂ ಒಳ್ಳೆಯದೇ. ಪಕ್ಕದ ಮನೆಯವರು ಕೇಳಿದಾಗಲೆಲ್ಲ ಕೊಡುತ್ತೇನೆ, ಬಿರುಕು ಬಿಟ್ಟ ಕೀಲು ತೋರಿಸಿ, ಕ್ಯಾರೆಟ್ ಮಾತ್ರ ಹಾಕಬೇಡಿ ಎಂದು ಹೇಳಿ.